ನೋಟಿಸ್ ಪೀರಿಯಡ್, ಊರು, ಸಂಬಳ: ರೆಸ್ಯೂಮೆ ತೆರೆಯುವ ಮೊದಲೇ ಪಟ್ಟಿಯಿಂದ ಬೀಳುವುದು ಹೇಗೆ? ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆರು ವರ್ಷ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಕೂತು ಕಾರ್ಖಾನೆಗಳಿಗೆ ಜನ ಹುಡುಕಿಕೊಡುವ ಕೆಲಸ ಮಾಡಿದೆ. ಈಗ ತುಮಕೂರಿನಲ್ಲೇ ಇದ್ದೇನೆ. ವಾರಕ್ಕೆ ಒಬ್ಬಿಬ್ಬರಾದರೂ ಬಂದು "ಅಕ್ಕಾ, ನನ್ನ ರೆಸ್ಯೂಮೆ ಸ್ವಲ್ಪ ನೋಡಿ" ಅನ್ನುತ್ತಾರೆ. ನಾನು ರೆಸ್ಯೂಮೆಗಿಂತ ಮೊದಲು ಅವರ ಫೋನ್ ಇಸಿದುಕೊಂಡು ಪೋರ್ಟಲ್‌ನಲ್ಲಿ ಏನು ತುಂಬಿದ್ದಾರೆ ನೋಡುತ್ತೇನೆ. ತೊಂದರೆ ಜಾಸ್ತಿ ಇರುವುದು ಅಲ್ಲೇ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ನನ್ನ ರೆಸ್ಯೂಮೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಒಂದು ಫೋನ್ ಕೂಡ ಬರುತ್ತಿಲ್ಲ. ಯಾಕೆ?

ರೆಸ್ಯೂಮೆಯನ್ನು ಯಾರೂ ತೆರೆದೇ ಇಲ್ಲದಿರಬಹುದು. ಅದು ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬರುವುದು ತೆರೆದ ಮೇಲೆ ತಾನೇ. ಅದಕ್ಕೂ ಮೊದಲು ಮೂರು ಚಿಕ್ಕ ಖಾನೆಗಳಿವೆ: ಎಷ್ಟು ದಿನದಲ್ಲಿ ಬರುತ್ತೀರಿ, ಎಲ್ಲಿದ್ದೀರಿ, ಎಷ್ಟು ಸಂಬಳ. ಅವನ್ನು ನಾವು ಸುಮ್ನೆ ಬೇಗ ಬೇಗ ತುಂಬಿ ಮುಂದೆ ಹೋಗುತ್ತೇವೆ. ಆದರೆ ಆ ಕಡೆ ಕೂತವರು ಹುಡುಕಾಟ ಶುರು ಮಾಡುವುದೇ ಆ ಮೂರರಿಂದ.

ಓದದೇ ತೆಗೆದುಹಾಕುತ್ತಾರೆ ಅಂದರೆ ಏನು? ಯಾರು ತೆಗೆಯುತ್ತಾರೆ?

ಎರಡು ರೀತಿ ಇದೆ.

ಒಂದು, ನೌಕರಿ ಡಾಟ್ ಕಾಮ್ ತರಹದ ಪೋರ್ಟಲ್‌ಗಳ ರೆಸ್ಯೂಮೆ ಭಂಡಾರದಲ್ಲಿ ರಿಕ್ರೂಟರ್ ತಾವೇ ಹುಡುಕುವುದು. ಅವರ ಪರದೆಯ ಮೇಲೆ ಕೆಲಸದ ಪದ, ಅನುಭವದ ವರ್ಷ, ಊರು, ಸಂಬಳದ ಕೆಳಮಿತಿ ಮತ್ತು ಮೇಲ್ಮಿತಿ, ನೋಟಿಸ್ ಪೀರಿಯಡ್ ಎಲ್ಲಕ್ಕೂ ಖಾನೆ ಇರುತ್ತದೆ. ಅದನ್ನೆಲ್ಲ ತುಂಬಿ ಹುಡುಕಿದಾಗ ಬರುವ ಪಟ್ಟಿಯಲ್ಲಿ ನೀವಿಲ್ಲ ಅಂದರೆ, ಅವರ ಪಾಲಿಗೆ ನೀವು ಇಲ್ಲವೇ ಇಲ್ಲ. ಯಾರೂ ನಿಮ್ಮನ್ನು ಬೇಡ ಅಂದಿಲ್ಲ. ನೀವು ಕಾಣಿಸಲಿಲ್ಲ, ಅಷ್ಟೇ.

ಇನ್ನೊಂದು, ನೀವೇ ಅರ್ಜಿ ಹಾಕಿದಾಗ ಕೇಳುವ ಪ್ರಶ್ನೆಗಳು. "30 ದಿನದಲ್ಲಿ ಸೇರಬಲ್ಲಿರಾ?", "ನಿರೀಕ್ಷಿತ ಸಂಬಳ ಎಷ್ಟು?" ಅಂತ ಇರುತ್ತವೆ ಅಲ್ವಾ, ಅವು. ಲಿಂಕ್ಡ್‌ಇನ್‌ನಲ್ಲಿ `Are you comfortable commuting to this job's location?` ಅಂತ ಕೇಳುವುದನ್ನು ನೀವೂ ನೋಡಿರಬಹುದು. ಕೆಲಸ ಹಾಕಿದವರು ಆ ಪ್ರಶ್ನೆಯನ್ನು ಕಡ್ಡಾಯ ಅಂತ ಗುರುತು ಮಾಡಿದ್ದರೆ, ತಪ್ಪು ಉತ್ತರ ಕೊಟ್ಟ ಅರ್ಜಿ ಬೇರೆ ಗುಂಪಿಗೆ ಹೋಗಿ ಬೀಳುತ್ತದೆ. ಆ ಗುಂಪನ್ನು ತೆರೆದು ನೋಡುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

ನಾನೂ ಹಾಗೆಯೇ ಮಾಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಹೇಳಿ ಮಧ್ಯಾಹ್ನದೊಳಗೆ ಹದಿನೈದು ಪ್ರೊಫೈಲ್ ಕೇಳುತ್ತಿದ್ದರು. ಪಟ್ಟಿ ಉದ್ದ ಇದ್ದರೆ ಮೊದಲು ನೋಟಿಸ್ ಬಿಗಿ ಮಾಡುತ್ತಿದ್ದೆ, ಆಮೇಲೆ ಊರು. ಆಗ ಎಷ್ಟೋ ಒಳ್ಳೆಯ ಹುಡುಗ ಹುಡುಗಿಯರ ಹೆಸರು ನನ್ನ ಪರದೆಯಿಂದ ಹೋಗಿಬಿಟ್ಟಿರುತ್ತದೆ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಈ ಪುಟ ಬರೆಯುತ್ತಿರುವುದೂ ಅದಕ್ಕೇ.

ನಿಜವಾದ ಒಂದು ಉದಾಹರಣೆ ಕೊಡಿ.

ಕ್ಯಾತಸಂದ್ರದ ಒಬ್ಬ ಹುಡುಗಿ. ಮೆಕ್ಯಾನಿಕಲ್ ಡಿಪ್ಲೊಮಾ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು. ಡ್ರಾಯಿಂಗ್ ಓದುತ್ತಾಳೆ, ಸಿಎಂಎಂ ಅನ್ನುವ ಅಳತೆ ಯಂತ್ರ ನಡೆಸುತ್ತಾಳೆ, ಗ್ರಾಹಕರ ಆಡಿಟ್‌ಗೆ ಕಾಗದಪತ್ರ ತಾನೇ ತಯಾರು ಮಾಡುತ್ತಾಳೆ. ಪೀಣ್ಯದ ಒಂದು ಮಷೀನ್ ಶಾಪ್‌ಗೆ ಬೇಕಿದ್ದದ್ದು ಇಂಥವರೇ. ಅವಳು ಅರ್ಜಿ ಹಾಕಿ ಐದು ವಾರ ಕಾದಳು. ಏನೂ ಬರಲಿಲ್ಲ.

ಆ ಕೆಲಸಕ್ಕೆ ಇಟ್ಟಿದ್ದ ಜರಡಿ ಹೀಗಿತ್ತು. ಊರು ಬೆಂಗಳೂರು. ನೋಟಿಸ್ 30 ದಿನದೊಳಗೆ. ಈಗಿನ ವಾರ್ಷಿಕ ಸಂಬಳ 3.5 ಲಕ್ಷದಿಂದ 5 ಲಕ್ಷದ ನಡುವೆ. ಕೊಡಲು ಇಟ್ಟುಕೊಂಡಿದ್ದ ಹಣ 5 ಲಕ್ಷದವರೆಗೆ.

ಅವಳು ತುಂಬಿದ್ದು ಹೀಗೆ. ಈಗಿನ ಊರು ತುಮಕೂರು, ಇಷ್ಟದ ಊರು ಖಾಲಿ. ನೋಟಿಸ್ `2 Months`. ಈಗಿನ ಸಂಬಳ 3.36 ಲಕ್ಷ. ನಿರೀಕ್ಷೆ 6 ಲಕ್ಷ. ಒಂದು ಖಾನೆ ತಪ್ಪಿದ್ದರೂ ಸಾಕಿತ್ತು. ಇವಳದು ನಾಲ್ಕಕ್ಕೆ ನಾಲ್ಕೂ ತಪ್ಪಿತ್ತು.

ಬೇಸರದ ಮಾತೆಂದರೆ ಇವುಗಳಲ್ಲಿ ಒಂದೂ ಅವಳ ನಿಜವಾದ ಸ್ಥಿತಿ ಆಗಿರಲಿಲ್ಲ. ಪೀಣ್ಯಕ್ಕೆ ಹೋಗಲು ಅವಳು ತಯಾರಿದ್ದಳು. ತಿಂಗಳಲ್ಲಿ ಬಿಡಲು ದಾರಿ ಇತ್ತು. ಸಂಬಳ 3.36 ಲಕ್ಷ ಅಲ್ಲವೇ ಅಲ್ಲ. 6 ಲಕ್ಷ ಅನ್ನುವುದು ಗೆಳತಿ ಹೇಳಿದ್ದಕ್ಕೆ ಹಾಕಿದ್ದು. ಒಂದೊಂದನ್ನೂ ಮುಂದೆ ಬಿಡಿಸುತ್ತೇನೆ.

ನಾನಿರುವುದು ತುಮಕೂರಿನಲ್ಲಿ. ಊರಿನ ಖಾನೆಯಲ್ಲಿ ಏನು ಹಾಕಲಿ?

ಎರಡು ಖಾನೆ ಇರುತ್ತವೆ. ಒಂದು ಈಗ ಇರುವ ಊರು, ಇನ್ನೊಂದು ಕೆಲಸ ಮಾಡಲು ಇಷ್ಟಪಡುವ ಊರು. ನಮ್ಮ ಕಡೆಯವರು ಮೊದಲನೆಯದನ್ನು ತುಂಬಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಅಲ್ಲೇ ಏಟು ಬೀಳುವುದು.

ರಿಕ್ರೂಟರ್ ಬೆಂಗಳೂರು ಅಂತ ಹಾಕಿದಾಗ ಮೊದಲು ಬರುವುದು ಈಗ ಬೆಂಗಳೂರಿನಲ್ಲಿ ಇರುವವರು. "ಈ ಊರಿಗೆ ಬರಲು ಇಷ್ಟ ಇರುವವರನ್ನೂ ತೋರಿಸು" ಅಂತ ಒಂದು ಗುರುತು ಹಾಕಿದರೆ ಮಾತ್ರ ಹೊರಗಿನವರು ಪಟ್ಟಿಗೆ ಸೇರುತ್ತಾರೆ. ಅವರು ಆ ಗುರುತು ಹಾಕಿದರೂ, ನೀವು ಇಷ್ಟದ ಊರಿನಲ್ಲಿ ಬೆಂಗಳೂರು ಅಂತ ಹಾಕಿರದಿದ್ದರೆ ನೀವು ಸೇರುವುದಿಲ್ಲ. ಗುರುತು ಹಾಕುವುದು ಬಿಡುವುದು ಅವರ ಕೈಯಲ್ಲಿದೆ. ಖಾನೆ ತುಂಬುವುದು ನಮ್ಮ ಕೈಯಲ್ಲಿದೆ.

ಇನ್ನು ಕೆಲವು ತಂತ್ರಾಂಶಗಳು ಊರಿನ ಹೆಸರು ನೋಡುವುದಿಲ್ಲ, ದೂರ ನೋಡುತ್ತವೆ. ಬೆಂಗಳೂರನ್ನು ನಡುವೆ ಇಟ್ಟು ಸುತ್ತ 50 ಕಿ.ಮೀ. ದೂರದವರೆಗೆ ಅಂತ ಒಂದು ಚಕ್ರ ಎಳೆಯುತ್ತವೆ. ನಕ್ಷೆ ತೆಗೆದು ಅಳೆದು ನೋಡಿ. ನೇರ ಗೆರೆ ಎಳೆದರೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಆ ಚಕ್ರದ ಸ್ವಲ್ಪ ಆಚೆಗೇ ಬೀಳುತ್ತವೆ. ಚಿಕ್ಕಬಳ್ಳಾಪುರವಂತೂ ನಾಲ್ಕೈದು ಕಿಲೋಮೀಟರಿನಲ್ಲಿ ತಪ್ಪಿಸಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುವ ಎಷ್ಟು ಜನ ನಮ್ಮೂರಿನಲ್ಲಿದ್ದಾರೆ ಅಂತ ಆ ಚಕ್ರಕ್ಕೆ ಗೊತ್ತಿಲ್ಲ. 2024ರ ನವೆಂಬರಿನಲ್ಲಿ ಹಸಿರು ಮೆಟ್ರೊ ಮಾದಾವರದವರೆಗೆ ಬಂತು. ಹೆದ್ದಾರಿಯಲ್ಲಿ ಬಸ್ಸಿಳಿದು ಮೆಟ್ರೊ ಹಿಡಿದರೆ ಪೀಣ್ಯದ ಸ್ಟೇಷನ್ ಅದೇ ಮಾರ್ಗದಲ್ಲಿದೆ. ಇದೂ ಆ ಚಕ್ರಕ್ಕೆ ಗೊತ್ತಿಲ್ಲ.

ಆದ್ದರಿಂದ ಇಷ್ಟದ ಊರಿನಲ್ಲಿ ಬೆಂಗಳೂರು, ತುಮಕೂರು ಎರಡೂ ಇರಲಿ. ರೆಸ್ಯೂಮೆಯ ತಲೆಯಲ್ಲಿ ಹೆಸರಿನ ಕೆಳಗೇ ಒಂದು ಸಾಲು ಹಾಕಿ: "ವಾಸ ತುಮಕೂರು. ಪೀಣ್ಯ, ನೆಲಮಂಗಲ, ಯಶವಂತಪುರಕ್ಕೆ ದಿನಾ ಓಡಾಡಲು ಅಥವಾ ಅಲ್ಲೇ ಮನೆ ಮಾಡಲು ಸಿದ್ಧ." ಪೋರ್ಟಲ್ ಕೇಳುವ ಭಾಷೆಯಲ್ಲೇ ಅದನ್ನು ಬರೆಯಿರಿ. ಪದ ಹಾಕಿ ಹುಡುಕುವವರಿಗೆ ಬೆಂಗಳೂರಿನ ಹೆಸರು ಸಿಕ್ಕುತ್ತದೆ. ಓದುವವರಿಗೆ ಅನುಮಾನ ಉಳಿಯುವುದಿಲ್ಲ.

ಹೆಸರಿನ ಸ್ಪೆಲ್ಲಿಂಗ್ ಬಗ್ಗೆಯೂ ಒಂದು ಮಾತು. ಸರ್ಕಾರ 2014ರ ನವೆಂಬರ್ 1ರಂದು ಹೆಸರು ಬದಲಿಸಿದರೂ ಹಳೆಯ `Tumkur`, `Bangalore` ಇನ್ನೂ ಓಡಾಡುತ್ತಿವೆ. ಖಾನೆಯಲ್ಲಿ ನೀವೇ ಟೈಪ್ ಮಾಡಿ ಬಿಡಬೇಡಿ. ಕೆಳಗೆ ಇಳಿಯುವ ಪಟ್ಟಿಯಲ್ಲಿ ಯಾವುದು ಕಾಣುತ್ತದೋ ಅದನ್ನೇ ಆರಿಸಿ.

ಈಗಿನ ಊರೇ ಬೆಂಗಳೂರು ಅಂತ ಹಾಕಿಬಿಡಲೇ? ಎಲ್ಲರೂ ಹಾಗೇ ಮಾಡುತ್ತಾರೆ.

ಬೇಡ. "ನಾಳೆ ಹನ್ನೊಂದಕ್ಕೆ ಬನ್ನಿ" ಅಂದಾಗ ಕಷ್ಟವಾಗುತ್ತದೆ. ಕಾಗದಪತ್ರದಲ್ಲಿ ವಿಳಾಸ ಬೇರೆ ಕಂಡಾಗ ಇನ್ನೂ ಕಷ್ಟ. ಪೇಯಿಂಗ್ ಗೆಸ್ಟ್ ಆಗಿ ವಾರಕ್ಕೆ ಐದು ದಿನ ಬೆಂಗಳೂರಿನಲ್ಲೇ ಇದ್ದರೆ ಹಾಕಿ, ಅದು ನಿಜ. ಇಲ್ಲದಿದ್ದರೆ ಇಷ್ಟದ ಊರಿನ ಖಾನೆ ಸಾಕು.

ಓಡಾಡುತ್ತೇನೆ ಅನ್ನುವ ಮೊದಲು ಒಂದು ದಿನ ಶಿಫ್ಟಿನ ಹೊತ್ತಿಗೆ ಸರಿಯಾಗಿ ಹೋಗಿ ಬಂದು ನೋಡಿ. ಒಂಬತ್ತರ ಕೆಲಸಕ್ಕೆ ತುಮಕೂರಿನಿಂದ ಹೋಗಬಹುದು. ಬೆಳಿಗ್ಗೆ ಆರರ ಶಿಫ್ಟಿಗೆ ದಿನಾ ಆಗುವುದು ಬಹಳ ಕಷ್ಟ. ಶಿಫ್ಟ್ ಇದ್ದರೆ ಅಲ್ಲೇ ಮನೆ ಮಾಡುತ್ತೇನೆ ಅಂತ ಮೊದಲೇ ಹೇಳಿ.

ನನ್ನ ನೋಟಿಸ್ 60 ದಿನ. ಎಲ್ಲರೂ 30 ದಿನ ಕೇಳುತ್ತಾರೆ. ಏನು ಮಾಡಲಿ?

ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಸೇರಿದ ದಿನ ಸಹಿ ಹಾಕಿದ ಮೇಲೆ ಅದನ್ನು ಮತ್ತೆ ಓದಿಲ್ಲ. ಅಲ್ಲಿ ಮೂರು ವಿಷಯ ಹುಡುಕಬೇಕು. ನೋಟಿಸ್ ಎಷ್ಟು ದಿನ. ದಿನದ ಬದಲು ಹಣ ಕಟ್ಟಿ ಬಿಡಬಹುದು ಅಂತ ಇದೆಯೇ. ಕಟ್ಟುವ ಹಣ ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ. ಹಣ ಕಟ್ಟುವುದು "ಕಂಪನಿ ಒಪ್ಪಿದರೆ ಮಾತ್ರ" ಅಂತ ಇದ್ದರೆ ಅದನ್ನು ನಿಮ್ಮ ಹಕ್ಕು ಅಂದುಕೊಳ್ಳಬೇಡಿ.

ಕ್ಯಾತಸಂದ್ರದ ಹುಡುಗಿಯ ಲೆಟರಿನಲ್ಲಿ 60 ದಿನ ಅಥವಾ ಅಷ್ಟು ದಿನದ ಬೇಸಿಕ್ ಅಂತ ಇತ್ತು. ಅವಳ ಬೇಸಿಕ್ ತಿಂಗಳಿಗೆ 15,000, ಅಂದರೆ ದಿನಕ್ಕೆ 500. ಅವಳ ಖಾತೆಯಲ್ಲಿ 14 ದಿನದ ರಜೆ ಉಳಿದಿತ್ತು. ರಜೆಯನ್ನು ನೋಟಿಸಿಗೆ ವಜಾ ಮಾಡಲು ಅವಳ ಕಂಪನಿ ಒಪ್ಪುತ್ತಿತ್ತು. 60ರಲ್ಲಿ 14 ಹೋದರೆ 46. ಅವಳು 30 ದಿನ ಕೆಲಸ ಮಾಡಿದರೆ ಉಳಿಯುವುದು 16 ದಿನ. 16 ಸಲ 500 ಅಂದರೆ 8,000 ರೂಪಾಯಿ. ಎರಡು ತಿಂಗಳು ಅನ್ನುವ ಗೋಡೆ ಕೊನೆಗೆ ಎಂಟು ಸಾವಿರದ ಮಾತಾಗಿತ್ತು. ಎಷ್ಟೋ ಕಡೆ ಹೊಸ ಕಂಪನಿಯೇ ಆ ಹಣ ಕೊಡುತ್ತದೆ, ಆದರೆ ಆಫರಿಗೆ ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು.

ಎಲ್ಲ ಕಂಪನಿಯೂ ರಜೆ ವಜಾ ಮಾಡುವುದಿಲ್ಲ. ಮಾಡದಿದ್ದರೆ ಉಳಿದ ರಜೆಗೆ ಹಣ ಬರುತ್ತದೆಯೇ ಅಂತ ಕೇಳಿ. ಬಂದರೆ ಕಟ್ಟುವ ಹಣದ ಹೊರೆ ಅಷ್ಟು ಇಳಿಯುತ್ತದೆ.

ಈ ಲೆಕ್ಕ ಪಕ್ಕಾ ಆದ ಮೇಲೆ, ಅಂದರೆ ಲೆಟರ್ ಓದಿ, ಹೀಗೆ ಬಿಟ್ಟುಹೋದ ಹಳೆಯ ಸಹೋದ್ಯೋಗಿಗಳನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆ, ಅವಳು ಖಾನೆಯನ್ನು `1 Month` ಮಾಡಿದಳು. ರೆಸ್ಯೂಮೆಯಲ್ಲಿ "ಒಪ್ಪಂದದ ನೋಟಿಸ್ 60 ದಿನ, ಹಣ ಕಟ್ಟಿ 30 ದಿನದಲ್ಲಿ ಬರಬಹುದು" ಅಂತ ಪೂರ್ತಿ ಬರೆದಳು. ಖಾನೆಯಲ್ಲಿ ಇರಬೇಕಾದದ್ದು ನೀವು ನಿಜವಾಗಿ ಬರಬಲ್ಲ ದಿನ. ಒಪ್ಪಂದದಲ್ಲಿ ಏನಿದೆ ಅಂತ ಹೇಳುವ ಜಾಗ ರೆಸ್ಯೂಮೆ ಮತ್ತು ಫೋನ್ ಮಾತು. ಫೋನಿನಲ್ಲಿ ಅವರೇ ಕೇಳಲಿ ಅಂತ ಕಾಯದೆ ನೀವೇ ಹೇಳಿಬಿಡಿ.

ಹಾಗಾದರೆ `15 Days or less` ಅಂತಲೇ ಹಾಕಿದರೆ ಇನ್ನೂ ಜಾಸ್ತಿ ಫೋನ್ ಬರುತ್ತದಲ್ವಾ?

ಬರುತ್ತದೆ. ಇಂಟರ್‌ವ್ಯೂ ಆಗುತ್ತದೆ, ಆಯ್ಕೆಯೂ ಆಗುತ್ತೀರಿ. ಆಮೇಲೆ ಸೇರುವ ದಿನ ಕೇಳಿದಾಗ ಎರಡು ತಿಂಗಳು ಅನ್ನಬೇಕಾಗುತ್ತದೆ. ಆಗ ಆಫರ್ ಹೋಗುತ್ತದೆ. ಆ ಕನ್ಸಲ್ಟೆನ್ಸಿ ನಿಮ್ಮ ಹೆಸರಿನ ಮುಂದೆ ಒಂದು ಟಿಪ್ಪಣಿ ಬರೆದಿಟ್ಟುಕೊಳ್ಳುತ್ತದೆ. ನಾನೂ ಬರೆದಿಟ್ಟಿದ್ದೇನೆ.

ಕೆಲವರು ಗಾಬರಿಯಲ್ಲಿ ಹಳೆಯ ಕಂಪನಿಗೆ ಹೇಳದೇ ಬಿಟ್ಟು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ದಾಖಲಾಗುತ್ತದೆ, ಎರಡು ಕಂಪನಿಯ ದಿನಗಳು ಒಂದರ ಮೇಲೊಂದು ಬಂದರೆ ಮುಂದೆ ಪರಿಶೀಲನೆ ಮಾಡುವವರಿಗೆ ಅದು ಕಾಣುತ್ತದೆ.

ಪೇಪರ್ ಹಾಕಿದ ಮೇಲೇ ಹುಡುಕಿದರೆ ಒಳ್ಳೆಯದಾ?

ನೋಟಿಸಿನಲ್ಲಿ ಇರುವವರಿಗೆ ಪೋರ್ಟಲ್‌ನಲ್ಲಿ `Serving Notice Period` ಅಂತ ಬೇರೆ ಆಯ್ಕೆ ಇದೆ. ಕೊನೆಯ ದಿನವನ್ನೂ ತುಂಬಬಹುದು. ರಿಕ್ರೂಟರ್‌ಗಳು ಅವರನ್ನು ಮೊದಲು ನೋಡುವುದು ನಿಜ. ಆದರೆ ಅಷ್ಟಕ್ಕೋಸ್ಕರ ಕೈಯಲ್ಲಿರುವ ಕೆಲಸ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಸಾಲದ ಕಂತು ಇದ್ದವರಿಗಂತೂ ಬೇಡವೇ ಬೇಡ. ಬೇರೆ ಕಾರಣಕ್ಕೆ ಪೇಪರ್ ಹಾಕಿದ್ದೇ ಆದರೆ ಅದೇ ದಿನ ಆ ಖಾನೆ ಬದಲಿಸಿ.

ಈಗಿನ ಸಂಬಳ ಅಂದರೆ ಕೈಗೆ ಬರುವುದಾ, ಸಿಟಿಸಿಯಾ?

ಖಾನೆ ವರ್ಷದ ಸಂಬಳ ಕೇಳಿದರೆ ಸಾಮಾನ್ಯವಾಗಿ ಅದು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಇಲ್ಲಿ ನಮ್ಮವರು ತಮ್ಮನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ.

ಆ ಹುಡುಗಿಯ ಬ್ಯಾಂಕಿಗೆ ತಿಂಗಳಿಗೆ 28,000 ಬರುತ್ತಿತ್ತು. ಅದನ್ನು 12ರಿಂದ ಗುಣಿಸಿ 3.36 ಲಕ್ಷ ಅಂತ ಹಾಕಿದ್ದಳು. ಪೇ ಸ್ಲಿಪ್ ತರಿಸಿದೆ. ಒಟ್ಟು ಸಂಬಳ 30,000. ಅದರಲ್ಲಿ ಅವಳ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತವಾಗಿ 28,000 ಕೈಗೆ. ಇಷ್ಟು ಅವಳಿಗೆ ಗೊತ್ತಿತ್ತು. ಕಂಪನಿಯೂ ತನ್ನ ಪಾಲಿನ ಪಿಎಫ್ 1,800 ಕಟ್ಟುತ್ತದೆ. ಗ್ರಾಚ್ಯುಟಿಗೆ ಬೇಸಿಕ್‌ನ 4.81 ಪರ್ಸೆಂಟ್, ಅಂದರೆ ಸುಮಾರು 720 ರೂಪಾಯಿ ಲೆಕ್ಕಕ್ಕೆ ಹಿಡಿಯುತ್ತದೆ. ಎಲ್ಲ ಸೇರಿಸಿದರೆ ತಿಂಗಳಿಗೆ 32,520, ವರ್ಷಕ್ಕೆ 3.9 ಲಕ್ಷ. ಆಫರ್ ಲೆಟರಿನ ಕೊನೆಯ ಪುಟದ ಪಟ್ಟಿಯಲ್ಲೂ ಅದೇ ಇತ್ತು.

ಆ ಕೆಲಸದ ಕೆಳಮಿತಿ 3.5 ಲಕ್ಷ. ಅವಳ ನಿಜವಾದ ಸಂಬಳ ಅದರೊಳಗೇ ಇತ್ತು. ಅವಳು ಹಾಕಿದ ಅಂಕಿ ಹೊರಗೆ ಬಿತ್ತು. ಕಡಿಮೆ ಸಂಬಳ ಇದ್ದರೆ ಅನುಭವವೂ ಕಡಿಮೆ ಇರಬಹುದು ಅಂತ ಊಹಿಸಿ ರಿಕ್ರೂಟರ್‌ಗಳು ಕೆಳಗೂ ಒಂದು ಗೆರೆ ಎಳೆಯುತ್ತಾರೆ. ಆ ಊಹೆ ಸರಿಯಲ್ಲ. ಚಿಕ್ಕ ಊರಿನ ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ ಕಡಿಮೆ ಕೊಡುವುದು ಇದ್ದೇ ಇದೆ. ಆದರೂ ಗೆರೆ ಇದೆ, ಅದನ್ನು ತಿಳಿದು ತುಂಬಬೇಕು.

ಖಾನೆಯ ಪಕ್ಕದಲ್ಲಿ ಲಕ್ಷ ಅಂತ ಇದೆಯೋ ರೂಪಾಯಿ ಅಂತ ಇದೆಯೋ ನೋಡಿ. ವರ್ಷದ ಖಾನೆಯಲ್ಲಿ ತಿಂಗಳ 30000 ಟೈಪ್ ಮಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿರೀಕ್ಷಿತ ಸಂಬಳ ಎಷ್ಟು ಹಾಕಬೇಕು? ಚೌಕಾಸಿ ಮಾಡುತ್ತಾರೆ ಅಂತ ಜಾಸ್ತಿ ಹಾಕುವುದು ಸರಿ ತಾನೇ?

ಎದುರಿಗೆ ಮನುಷ್ಯರಿದ್ದರೆ ಜಾಸ್ತಿ ಹೇಳಿ ಇಳಿಯಬಹುದು. ಖಾನೆಯ ಜೊತೆ ಚೌಕಾಸಿ ಆಗುವುದಿಲ್ಲ. ಮೇಲ್ಮಿತಿ 5 ಇದ್ದು ನೀವು 6 ಹಾಕಿದರೆ, "ಸ್ವಲ್ಪ ಕಡಿಮೆಗೆ ಬರುತ್ತೀರಾ?" ಅಂತ ಕೇಳಲು ಯಾರೂ ಉಳಿದಿರುವುದಿಲ್ಲ.

ನಾನು ಹೇಳುವುದು ಇಷ್ಟು: ಒಂದೇ ಅಂಕಿ ಕೇಳಿದರೆ, ನೀವು ನಿಜವಾಗಿ ಒಪ್ಪುವ ಅತಿ ಕಡಿಮೆ ಸಂಬಳ ಹಾಕಿ. ಅದನ್ನು ಮನಸ್ಸಿಗೆ ಬಂದಂತೆ ಹಾಕದೆ ಲೆಕ್ಕ ಹಾಕಿ. ಪೀಣ್ಯಕ್ಕೆ ಹೋದರೆ ಆ ಹುಡುಗಿಗೆ ಬಸ್ಸು, ಮೆಟ್ರೊ ಅಥವಾ ಬಾಡಿಗೆ ಸೇರಿ ತಿಂಗಳಿಗೆ ಐದಾರು ಸಾವಿರ ಹೊಸ ಖರ್ಚು. ವರ್ಷಕ್ಕೆ ಸುಮಾರು 70,000. 3.9ಕ್ಕೆ ಅದನ್ನು ಸೇರಿಸಿದರೆ 4.6. ಅಷ್ಟು ಸಿಕ್ಕರೆ ಅವಳು ಈಗಿರುವಲ್ಲೇ ಇದ್ದ ಹಾಗೆ. ಸ್ವಲ್ಪ ಮೇಲೆ ಬೇಕಲ್ಲವೇ? 4.8 ಹಾಕಿದಳು. ಅದಕ್ಕಿಂತ ಕಡಿಮೆ ಹಾಕಲು ನಾನೇ ಬಿಡಲಿಲ್ಲ. ಫೋನ್ ಬರಲಿ ಅಂತ 4 ಹಾಕಿದರೆ ಆಫರೂ 4ರ ಹತ್ತಿರವೇ ಬರುತ್ತದೆ.

ಮಾತಿನಲ್ಲಿ ಕೇಳಿದಾಗ ಬೇರೆ. "ಈ ಕೆಲಸಕ್ಕೆ ನೀವು ಎಷ್ಟು ಇಟ್ಟುಕೊಂಡಿದ್ದೀರಿ ಸರ್?" ಅಂತ ಮೊದಲು ನೀವೇ ಕೇಳಿ. ಹೇಳುವವರು ಹೇಳುತ್ತಾರೆ.

ಖಾಲಿ ಬಿಡಬಹುದಾ? ಅಥವಾ ಸೊನ್ನೆ ಹಾಕಬಹುದಾ?

ಸೊನ್ನೆ ಬೇಡ. ಕೆಳಮಿತಿ ಇಟ್ಟ ಕೂಡಲೇ ಸೊನ್ನೆ ಹಾಕಿದವರು ಹೋಗುತ್ತಾರೆ. ಖಾಲಿ ಬಿಟ್ಟರೆ, ಸಂಬಳ ಹೇಳದವರನ್ನೂ ತೋರಿಸು ಅಂತ ರಿಕ್ರೂಟರ್ ಗುರುತು ಹಾಕಿದ್ದರೆ ಮಾತ್ರ ಕಾಣುತ್ತೀರಿ.

ಜರಡಿಯಲ್ಲೇ ಬಿದ್ದೆನೋ, ಓದಿ ಬೇಡ ಅಂದರೋ, ಹೇಗೆ ತಿಳಿಯುವುದು?

ಖಚಿತವಾಗಿ ತಿಳಿಯುವುದಿಲ್ಲ. ಗುರುತುಗಳಿವೆ. ಅರ್ಜಿ ಹಾಕಿದ ಕೆಲವೇ ನಿಮಿಷದಲ್ಲಿ, ಅದೂ ರಾತ್ರಿ ಹನ್ನೊಂದಕ್ಕೆ, ಕ್ಷಮಿಸಿ ಅಂತ ಮೇಲ್ ಬಂದರೆ ಅದನ್ನು ಮನುಷ್ಯರು ಓದಿಲ್ಲ. ನೌಕರಿಯಲ್ಲಿ ನಿಮ್ಮ ಪ್ರೊಫೈಲ್ ಎಷ್ಟು ಹುಡುಕಾಟದಲ್ಲಿ ಕಾಣಿಸಿತು ಅಂತ `Search appearances` ತೋರಿಸುತ್ತದೆ, ರಿಕ್ರೂಟರ್ ಏನಾದರೂ ಮಾಡಿದರೇ ಅಂತ `Recruiter actions` ತೋರಿಸುತ್ತದೆ. ಮೊದಲನೆಯದೇ ತೀರಾ ಕಡಿಮೆ ಇದ್ದರೆ ನೀವು ಪಟ್ಟಿಗೇ ಬರುತ್ತಿಲ್ಲ, ಖಾನೆಗಳನ್ನು ನೋಡಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಇಲ್ಲದಿದ್ದರೆ ಪಟ್ಟಿಯಲ್ಲಿ ಕಾಣುತ್ತಿದ್ದೀರಿ, ಆದರೆ ತೆರೆಯುತ್ತಿಲ್ಲ. ಆಗ ಹೆಸರಿನ ಕೆಳಗಿನ ಮೊದಲ ಸಾಲು, ಕೆಲಸದ ಪದಗಳು ಸರಿ ಇವೆಯೇ ನೋಡಬೇಕು.

ಪರೀಕ್ಷೆ ಮಾಡುವುದಾದರೆ ಒಂದು ಸಲಕ್ಕೆ ಒಂದೇ ಖಾನೆ ಬದಲಿಸಿ, ಒಂದು ವಾರ ಕಾಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಅನ್ವಯಿಸುತ್ತದೆಯೇ?

ಹೌದು, ಜಾಗದ ಹೆಸರು ಮಾತ್ರ ಬೇರೆ. ನರಸಾಪುರ, ವೇಮಗಲ್, ಮಾಲೂರಿನ ಕಡೆ ಕಾರ್ಖಾನೆಗಳಿರುವುದರಿಂದ ಕೋಲಾರದವರು ಇಷ್ಟದ ಊರಿನಲ್ಲಿ ಕೋಲಾರವನ್ನು ಮರೆಯದೆ ಹಾಕಬೇಕು. ಬರೀ ಬೆಂಗಳೂರು ಹಾಕಿ ಮನೆ ಪಕ್ಕದ ಕೆಲಸ ಕಳೆದುಕೊಂಡವರೂ ಇದ್ದಾರೆ. ಚಿಕ್ಕಬಳ್ಳಾಪುರದವರು ದೇವನಹಳ್ಳಿಯ ಹೆಸರನ್ನು ರೆಸ್ಯೂಮೆಯ ಸಾಲಿನಲ್ಲಿ ಬರೆಯಲಿ.

ಆ ಹುಡುಗಿಗೆ ಆಮೇಲೆ ಏನಾಯಿತು?

ರೆಸ್ಯೂಮೆಗೆ ತಲೆಯ ಎರಡು ಸಾಲು ಸೇರಿಸಿದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಖಾನೆಗಳನ್ನು ಸರಿ ಮಾಡಿದ ಎರಡನೇ ವಾರ ಅದೇ ಮಷೀನ್ ಶಾಪ್‌ಗೆ ಜನ ಹುಡುಕುತ್ತಿದ್ದ ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಆ ಕೆಲಸ ಇನ್ನೂ ಖಾಲಿ ಇತ್ತು. ಮೊದಲ ಮಾತಿನಲ್ಲೇ ಅವಳು 60 ದಿನದ ವಿಷಯ, ಎಂಟು ಸಾವಿರದ ವಿಷಯ ಎರಡನ್ನೂ ಹೇಳಿದಳು. 4.9 ಲಕ್ಷಕ್ಕೆ ಆಫರ್ ಬಂತು, ಎಂಟು ಸಾವಿರವನ್ನು ಮೊದಲ ಸಂಬಳದ ಜೊತೆ ಕೊಡುತ್ತೇವೆ ಅಂತ ಆಫರ್ ಲೆಟರಿನಲ್ಲೇ ಬರೆದುಕೊಟ್ಟರು.

ಎಲ್ಲ ಸರಿ ಮಾಡಿದರೂ ಫೋನ್ ಬರದಿದ್ದರೆ?

ಕೆಲವು ಕೆಲಸಕ್ಕೆ ನಿಜವಾಗಿಯೂ ನಾಳೆ ಬರುವವರೇ ಬೇಕು. ಒಬ್ಬರು ಹಠಾತ್ತನೆ ಬಿಟ್ಟು ಹೋಗಿ ಯಂತ್ರ ನಿಂತಿರುತ್ತದೆ. ಅಲ್ಲಿ ನಿಮ್ಮ 30 ದಿನವೂ ಜಾಸ್ತಿಯೇ. ಅಂಥದ್ದನ್ನು ಬಿಡಿ. ನಿಮ್ಮ ಅನುಭವಕ್ಕೆ ಪೂರ್ತಿ ಹೊಂದುವ ಕೆಲಸ ಅನ್ನಿಸಿದರೆ ಮಾತ್ರ ಖಾನೆಯನ್ನು ಬಿಟ್ಟು ಮನುಷ್ಯರನ್ನು ಹುಡುಕಿ. ಅಲ್ಲಿ ಕೆಲಸ ಮಾಡುವ ನಿಮ್ಮ ಕಾಲೇಜಿನ ಸೀನಿಯರ್ ಒಬ್ಬರು ರೆಸ್ಯೂಮೆಯನ್ನು ನೇರ ಮ್ಯಾನೇಜರ್ ಕೈಗೆ ಕೊಟ್ಟರೆ ಅದು ಜರಡಿಯ ಮೂಲಕ ಹೋಗುವುದೇ ಇಲ್ಲ. ಅವರಿಗೆ ಕಳಿಸುವ ವಾಟ್ಸಾಪ್ ಸಂದೇಶದ ಮೊದಲ ಸಾಲಿನಲ್ಲೇ ಎಷ್ಟು ದಿನದಲ್ಲಿ ಬರುತ್ತೀರಿ, ಎಲ್ಲಿಂದ, ಎಷ್ಟಕ್ಕೆ ಅಂತ ಬರೆಯಿರಿ. ಮ್ಯಾನೇಜರ್ ಮೊದಲು ಕೇಳುವುದೂ ಅದನ್ನೇ.